ನಟರಾಜನ ಮೂರ್ತಿ ಮನ್ಯಾಗ ಇಡಬಾರದೇನು?

ನಟರಾಜನ ಮೂರ್ತಿ ಮನ್ಯಾಗ ಇಡಬಾರದು ಅನ್ನೋರು ಭಾಳ ಮಂದಿ ಇದ್ದಾರ. ಯಾಕ ಅಂತ ಕೇಳಿದ್ರ, "ಶಿವ ಲಯಕರ್ತ ಅಲ್ಲೇನ್ರೀ? ತಾಂಡವ ಮಾಡೋ ಮೂರ್ತಿ ಇಟ್ಟರ ಮನ್ಯಾಗ ಶಾಂತಿ ಉಳೀತದೇನು?" ಅಂತಾರ. ಬ್ರಹ್ಮ ಹುಟ್ಟಿಸ್ತಾನ, ವಿಷ್ಣು ಕಾಯ್ತಾನ, ಶಿವ ಕೊಲ್ತಾನ ಅಂತ ನಾವೆಲ್ಲ ಸಣ್ಣವರಿದ್ದಾಗಿಂದ ಕೇಳಿದ್ದು. ಕೇಳಿ ಕೇಳಿ ಅದನ್ನ ಕಚೇರಿಯೊಳಗಿನ ಮೂರು ಮೇಜಿನ ಹಂಗ ತಿಳಕೊಂಡೀವಿ. ಒಬ್ಬನ ಕೆಲಸ ಮುಗಿದ ಮ್ಯಾಲೆ ಇನ್ನೊಬ್ಬನ ಕೆಲಸ, ಕಡೀಗೆ ಕೂತಾವ ಕೆಟ್ಟವ. ನನಗನಸ್ತದ, ದೋಷ ಆ ಮೂರ್ತಿಯೊಳಗಿಲ್ಲ, ನಮ್ಮ ಈ ಲೆಕ್ಕದೊಳಗದ.

ಮೊದಲ ಪುರಾಣ ಏನ ಹೇಳ್ತದ ನೋಡೋಣ. ಪೂಜಿಗೆ ಕೂತಾಗ ಭಟ್ಟರು ಸಂಕಲ್ಪ ಹೇಳಸ್ತಾರಲ್ಲ, ಅದರಾಗ ಬ್ರಹ್ಮನ ಗಡಿಯಾರನ ಅದ. ಬ್ರಹ್ಮನ ಒಂದು ಹಗಲು ಅಂದ್ರ ಸಾವಿರ ಮಹಾಯುಗ, ನಮ್ಮ ಲೆಕ್ಕದಾಗ 432 ಕೋಟಿ ವರ್ಷ. ಅದಕ್ಕ ಒಂದು ಕಲ್ಪ ಅಂತಾರ. ಈಗ ನಡದದ್ದು ಶ್ವೇತವರಾಹ ಕಲ್ಪ. ಹದಿನಾಲ್ಕು ಮನುಗಳೊಳಗ ಏಳನೇಯವ ವೈವಸ್ವತ, ಅವನ ಕಾಲದ 28ನೇ ಕಲಿಯುಗದಾಗ ನಾವಿದ್ದೀವಿ. ಅಂದ್ರ ಬ್ರಹ್ಮನಿಗೆ ಇನ್ನೂ ಮಧ್ಯಾಹ್ನ ಆಗಿಲ್ಲ.

ಸಂಜಿ ಆದಾಗ ಏನಾಗ್ತದ? ನಮ್ಮ ಲೆಕ್ಕದ ಪ್ರಕಾರ ಶಿವ ಬಂದು ಎಲ್ಲಾ ನಾಶ ಮಾಡಬೇಕು. ಆದ್ರ ವಿಷ್ಣುಪುರಾಣದಾಗ ಆ ಕೆಲಸ ಮಾಡೋದು ಸ್ವತಃ ವಿಷ್ಣು. ಕಾಯೋ ದೇವರ ರುದ್ರನ ರೂಪ ತಗೊಂಡು, ಸೂರ್ಯನ ಕಿರಣದಾಗ ಸೇರಿ ನೀರೆಲ್ಲಾ ಹೀರ್ತಾನ, ಮೂರೂ ಲೋಕ ಸುಡ್ತಾನ. ಆಮ್ಯಾಲೆ ಮೋಡ ಕಳಿಸಿ ಮಳಿ ಸುರಿಸಿ, ಬೆಂಕಿ ಆರಿಸಿ, ಎಲ್ಲಾ ಒಂದ ಸಮುದ್ರ ಆದ ಮ್ಯಾಲೆ ಅದರ ಮ್ಯಾಲೆ ಶೇಷನ ಹಾಸಿಗಿಯೊಳಗ ಮಲಗ್ತಾನ. ಬೆಳಗಾದ ಮ್ಯಾಲೆ ಎದ್ದು ಬ್ರಹ್ಮನ ರೂಪದಾಗ ಮತ್ತ ಸೃಷ್ಟಿ ಶುರು ಮಾಡ್ತಾನ. ಮೂರು ಹೆಸರು, ಮೂರು ಕೆಲಸ, ಮಾಡಾವ ಮಾತ್ರ ಒಬ್ಬನ.

"ಸಂಹಾರ" ಅನ್ನೋ ಶಬ್ದಾನೂ ನಾವು ತಿಳಕೊಂಡಷ್ಟು ಕೆಟ್ಟದ್ದಲ್ಲ. ಹರಡಿದ್ದನ್ನ ಕೂಡಿಸಿ ಒಳಗ ತಗೊಳ್ಳೋದು ಅಂತ ಅದರ ಮೂಲ ಅರ್ಥ. ಪುಸ್ತಕದ ಕಡೀಗೆ "ಉಪಸಂಹಾರ" ಅಂತ ಬರೀತಾರಲ್ಲ, ಅಲ್ಲಿ ಯಾರೂ ಯಾರನ್ನೂ ಕೊಂದಿರೂದಿಲ್ಲ. ಹೇಳಿದ್ದನ್ನೆಲ್ಲ ಒಟ್ಟು ಮಾಡಿ ಮುಗಸ್ತಾರ, ಅಷ್ಟ.

ಇದು ವಿಷ್ಣುವಿನ ಕಡೆಯವರ ಮಾತಾತು. ಶಿವನ ಕಡೆಯವರೂ ಹಿಂಗ ಮಾಡ್ಯಾರ. ಗದಗಿನ ತ್ರಿಕೂಟೇಶ್ವರಕ್ಕ ಹೋದವರು ನೋಡಿರ್ತೀರಿ, ಅಲ್ಲಿ ಒಂದ ಪೀಠದ ಮ್ಯಾಲೆ ಮೂರು ಲಿಂಗ ಅವ. ಬ್ರಹ್ಮ, ವಿಷ್ಣು, ಮಹೇಶ್ವರ ಅಂತ ಅವುಗಳಿಗೆ ಹೆಸರು. ಬ್ರಹ್ಮನಿಗೆ ನಾಲ್ಕು ಮುಖ ಇಲ್ಲ, ವಿಷ್ಣುವಿಗೆ ಶಂಖ ಚಕ್ರ ಇಲ್ಲ, ಮೂವರೂ ಲಿಂಗನ. ಮೂವರನ್ನೂ ಒಪ್ಪಿಕೊಂಡಾರ, ಆದ್ರ ಶಿವನ ರೂಪದೊಳಗ ಒಪ್ಪಿಕೊಂಡಾರ. ಅಂದ ಮ್ಯಾಲೆ ಶಿವ ಬರೇ ಮೂರನೇ ಮೇಜಿನವ ಹೆಂಗಾದಾನು?

ಈಗ ನಟರಾಜನ ಕಡೆ ಬರೋಣ. ತಮಿಳುನಾಡಿನ ನಾಲ್ಕು ಕೈ ಕಂಚಿನ ಮೂರ್ತಿ, ನಮ್ಮ ಷೋಕೇಸಿನಾಗ ಇರೋದು ಅದರದ್ದ ನಕಲು. ಶೈವಸಿದ್ಧಾಂತದವರು ಅದನ್ನ ಹಿಂಗ ಓದ್ತಾರ. ಹಿಂದಿನ ಬಲಗೈಯಾಗ ಡಮರು, ಅದರ ಶಬ್ದದಿಂದ ಸೃಷ್ಟಿ. ಮುಂದಿನ ಬಲಗೈ ಅಭಯ, ಅದು ಕಾಪಾಡೋದು. ಹಿಂದಿನ ಎಡಗೈಯಾಗ ಬೆಂಕಿ, ಅದು ಸಂಹಾರ. ಇಲ್ಲಿಗೆ ಮೂರು ಮುಗೀತು, ಆದ್ರ ಮೂರ್ತಿ ಮುಗೀಲಿಲ್ಲ. ಊರಿದ ಕಾಲು ತಿರೋಧಾನ, ಅಂದ್ರ ಮರಿ ಮಾಡೋದು. ಎತ್ತಿದ ಕಾಲು ಅನುಗ್ರಹ. ಮುಂದಿನ ಎಡಗೈ ಆನಿ ಸೊಂಡಿಲಿನ ಹಂಗ ಇಳಿದು ಆ ಎತ್ತಿದ ಕಾಲನ್ನ ತೋರಸ್ತದ. ಬೆಂಕಿ ಹಿಡಿದದ್ದು ಒಂದ ಕೈ. ನಾವು ಆ ಒಂದನ್ನ ನೋಡಿ ಅಂಜತೀವಿ, ಅವ ಬೊಟ್ಟು ಮಾಡಿ ತೋರಿಸಿದ್ದನ್ನ ನೋಡೂದಿಲ್ಲ. (ಬಾದಾಮಿ ಗುಹೆಯ ನಟರಾಜನಿಗೆ ಹದಿನೆಂಟು ಕೈ. ಅವನನ್ನ ಹಿಂಗ ಲೆಕ್ಕ ಹಾಕ್ಲಿಕ್ಕೆ ಬರೂದಿಲ್ಲ.)

ಮರಿ ಮಾಡೋದು ಅಂದ್ರೇನು? ಜೀವಕ್ಕ ಅದರ ಕರ್ಮ ಪಕ್ವ ಆಗೋ ತನಕ ಶಿವ ತನ್ನನ್ನ ಕಾಣಸಗೊಡೂದಿಲ್ಲ. ಅದಕ್ಕ ನಾವು ಮಕ್ಕಳು, ಮನಿ, ಬಂಗಾರ ಅಂತ ಇದರಾಗ ಮುಳುಗಿರ್ತೀವಿ. ಹಣ್ಣಾದ ಮ್ಯಾಲೆ ಪರದೆ ಸರಸ್ತಾನ, ಅದು ಅನುಗ್ರಹ. ಮರಿ ಮಾಡಿದ್ದೂ ದಯಾನ, ಅನ್ನೋದು ಅವರ ಮಾತು.

ಶುಕ್ರವಾರ ಲಲಿತಾ ಸಹಸ್ರನಾಮ ಓದೋರಿಗೆ ಈ ಐದು ಹೊಸಾವಲ್ಲ. ಸೃಷ್ಟಿಗೆ ಬ್ರಹ್ಮ, ರಕ್ಷಣಕ್ಕ ಗೋವಿಂದ, ಸಂಹಾರಕ್ಕ ರುದ್ರ, ತಿರೋಧಾನಕ್ಕ ಈಶ್ವರ, ಅನುಗ್ರಹಕ್ಕ ಸದಾಶಿವ ಅಂತ ಅಲ್ಲಿ ಸಾಲಾಗಿ ಬರ್ತದ. ಐದೂ ರೂಪ ಅಕಿನೇ, ಐದೂ ಕೆಲಸ ಅಕೀದ. ನಾವು ಸರಾಗ ಓದಿ ಮುಂದ ಹೋಗಿಬಿಡ್ತೀವಿ. ಒಮ್ಮೆ ನಿಂತು ಅರ್ಥ ನೋಡ್ರಿ.

ಮಾಧ್ವರ ಮನ್ಯಾಗ ಕೇಳಿದ್ರ ಲೆಕ್ಕ ಇನ್ನೂ ದೊಡ್ಡದು. ಅಲ್ಲಿ ವಿಷ್ಣುವಿಗೆ ಎಂಟು ಕೆಲಸ: ಸೃಷ್ಟಿ, ಸ್ಥಿತಿ, ಲಯ, ನಿಯಮನ, ಜ್ಞಾನ, ಅಜ್ಞಾನ, ಬಂಧ, ಮೋಕ್ಷ. ಬ್ರಹ್ಮ ರುದ್ರರು ಅವನ ಕೈಕೆಳಗ ಕೆಲಸ ಮಾಡೋ ಜೀವರು. ಶೈವರಿಗೂ ಮಾಧ್ವರಿಗೂ ಯಜಮಾನ ಯಾರು ಅನ್ನೋದರಾಗ ಎಂದೂ ಒಪ್ಪಂದ ಆಗಿಲ್ಲ. ಎಲ್ಲಾ ಒಂದ ಅಂತ ಹೇಳಿ ನಾನು ಅದನ್ನ ಮುಚ್ಚಿ ಹಾಕೂದಿಲ್ಲ.

ಆದ್ರ ಒಂದು ಮಾತು ಗಮನಿಸ್ರಿ. ಮೂರು ಸಾಲಲಿಲ್ಲ ಅಂತ ಇಬ್ಬರಿಗೂ ಅನಿಸ್ಯದ, ಮತ್ತ ಇಬ್ಬರೂ ಕೂಡಿಸಿದ್ದು ಹೆಚ್ಚುಕಡಿಮಿ ಒಂದ ನಮೂನಿ. ಮೊದಲಿನ ಮೂರು ಜಗತ್ತಿಗೆ ಸಂಬಂಧಪಟ್ಟವು: ಆಗ್ತದ, ಇರ್ತದ, ಹೋಗ್ತದ. ಅದರಾಗ ನಾನೆಲ್ಲಿದ್ದೀನಿ? ಮನ್ಯಾಗ ಸಾವಾದಾಗ "ಶಿವ ಒಯ್ದ" ಅಂತ ಹೇಳಿದ್ರ ಆ ತಾಯಿಗೆ ಅದರಿಂದ ಏನ ಸಿಕ್ಕೀತು? ನನಗ್ಯಾಕ ಕಾಣೂದಿಲ್ಲ, ನನಗ ಬಿಡುಗಡಿ ಅದನೋ ಇಲ್ಲೋ ಅನ್ನೋ ಪ್ರಶ್ನಿಗೆ ಉತ್ತರ ಆ ಮೂರರಾಗಿಲ್ಲ. ಅದಕ್ಕ ಶೈವರು ತಿರೋಧಾನ, ಅನುಗ್ರಹ ಅಂದ್ರು. ಮಾಧ್ವರು ಅಜ್ಞಾನ, ಜ್ಞಾನ, ಬಂಧ, ಮೋಕ್ಷ ಅಂದ್ರು. ಕೂಡಿಸಿದ್ದು ಜೀವದ ಪಾಲು.

ಅದಕ್ಕ ನನ್ನ ಮಾತಿಷ್ಟ. ಮಕ್ಕಳಿಗೆ ಕಲಿಸೋ ಮುಂದ ಹುಟ್ಟಿಸಾವ, ಕಾಯಾವ, ಕೊಲ್ಲಾವ ಅಂತ ಮೂರಕ್ಕ ನಿಲ್ಲಿಸಬ್ಯಾಡ್ರಿ. ನಿಮ್ಮ ನಿಮ್ಮ ಮನಿ ಸಂಪ್ರದಾಯದಾಗ ಐದ ಇರಲಿ, ಎಂಟ ಇರಲಿ, ಪೂರಾ ಹೇಳ್ರಿ. ಮತ್ತ ಯಾರರ ನಟರಾಜನ ಮೂರ್ತಿ ಕಾಣಿಕಿ ಕೊಟ್ಟರ ಅಂಜಿ ಅಟ್ಟಕ್ಕ ಹಾಕಬ್ಯಾಡ್ರಿ, ಆ ಎತ್ತಿದ ಕಾಲು ಕಾಣೋ ಹಂಗ ಇಡ್ರಿ.