ಫೋಟೋದಾಂವಗ ಬರದ ಇಮೇಲ್

ಅಕ್ಕಾರ, ವೈನ್ಯಾರ, ಮನ್ಯಾಗ ಲಗ್ನದ ವಯಸ್ಸಿನ ಮಗಳು ಇದ್ದವರಿಗೆ ಒಂದ ಮಾತ ಹೇಳಬೇಕಾಗೇತಿ. ಬಯೋಡಾಟಾದ ಫೋಟೋ ತಗಿಸಿ, "ಚಂದ ಮಾಡಿ ಕೊಡಪಾ" ಅಂತ ಬರೇ ಬಾಯಿಲೆ ಹೇಳಿ ಬರಬ್ಯಾಡ್ರಿ. ಏನ ತಗೀಬೇಕು, ಏನ ಮುಟ್ಟಬಾರದು ಅನ್ನೂದನ್ನ ಬರದ ಕೊಡ್ರಿ. ನಾ ಇದನ್ನ ಪೆಟ್ಟ ತಿಂದ ಕಲ್ತೀನಿ.

ಹ್ವಾದ ವರ್ಷ ನಾನೂ ಹಂಗ ಹೇಳಿ ಬಂದಿದ್ದೆ. ಬಂದ ಫೋಟೋದಾಗ ಮಗಳು ಹಾಲಿನಂಗ ಬೆಳ್ಳಗ, ಗಲ್ಲ ನುಣ್ಣಗ. ಸುಳ್ಳ ಯಾಕ ಹೇಳ್ಲಿ, ನನಗ ಖುಷೀನ ಆತು. ಗಡಹಿಂಗ್ಲಜ ಕಡೆಯವರು ಕನ್ಯಾ ನೋಡಾಕ ಬಂದ್ರು. ಮಗಳು ಚಹಾ ತಂದ ಇಟ್ಳು. ಹುಡುಗನ ಅವ್ವ ಮೊಬೈಲ್ ನೋಡಿ, ಮಗಳನ್ನ ನೋಡಿ, "ಫೋಟೋದಾಗಿನ ಹುಡುಗಿ ಇಕಿನ ಏನ್ರಿ?" ಅಂದ್ರು. ಯಾರೂ ಜಗಳಾ ಮಾಡ್ಲಿಲ್ಲ, ಅವಲಕ್ಕಿ ತಿಂದ ಹ್ವಾದ್ರು. ಆದ್ರ ರಾತ್ರಿ ಮಗಳು, "ಅವ್ವಾ, ನಾ ಇದ್ದಂಗ ಇದ್ರ ನಿನಗೂ ಸಾಲಲಿಲ್ಲೇನ?" ಅಂದ್ಳು. ಆ ಮಾತ ಇನ್ನೂ ಚುಚ್ಚತೈತಿ.

ಮತ್ತೊಮ್ಮೆ ತಗಿಸಿದ್ವಿ. ಈ ಸಲ ಮಗಳನ್ನ ಬಾಜೂಕ ಕುಂಡ್ರಿಸಿಕೊಂಡ, ಎರಡ ಫೋಟೋ ಆರಿಸಿ ಇಮೇಲ್ ಬರದೆ:

"ನಮಸ್ಕಾರ. IMG_0412 ಮತ್ತ IMG_0427, ಇವೆರಡ ತಯಾರ ಮಾಡ್ರಿ.

ಮಾಡಬೇಕಾದ್ದು: ಗದ್ದದ ಮ್ಯಾಲಿನ ಮೊಡವಿ ತಗೀರಿ. ಕಿವಿ ಮ್ಯಾಲ ಹಾರಿದ ನಾಕ ಕೂದಲ ತಗೀರಿ. ಹಣಿ ಮ್ಯಾಲಿನ ಬೆವರಿನ ಹೊಳಪ ಕಡಿಮಿ ಮಾಡ್ರಿ, ಪೂರ್ತಿ ಅಳಿಸಬ್ಯಾಡ್ರಿ. 0412ರಾಗ ಚಷ್ಮಾದ ಬಲಗಾಜಿನ ಮ್ಯಾಲ ದೀಪ ಹೊಳದೈತಿ (ಆಕಿ ಬಲಗಡೆ, ನೋಡವರಿಗೆ ಎಡಗಡೆ). 0413ರಾಗ ಅದ ಕಣ್ಣ ಸ್ವಚ್ಛ ಬಂದೈತಿ, ಅಲ್ಲಿಂದ ತಂದ ಕೂಡಿಸ್ರಿ. 0427 ಪೂರ್ತಿ ಹಳದಿ ಆಗೇತಿ. ಮುಡಿದ ಮಲ್ಲಿಗಿ ಬೆಳ್ಳಗ ಕಾಣೂತನಕ ಸರಿ ಮಾಡಿ, ಅಲ್ಲಿಗೆ ನಿಲ್ಲಿಸ್ರಿ.

ಮುಟ್ಟಬಾರದ್ದು: ಮೈಬಣ್ಣ. ಎಡಗಡೆ ಹುಬ್ಬಿನ ಮ್ಯಾಲಿನ ಹೊಲಿಗಿ ಗುರ್ತು. ಗಲ್ಲದ ಮಚ್ಚಿ. ಚಷ್ಮಾ. ಮುಖ, ಸೊಂಟ ಸಣ್ಣ ಮಾಡಬ್ಯಾಡ್ರಿ, ಕಣ್ಣ ದೊಡ್ಡವು ಮಾಡಬ್ಯಾಡ್ರಿ. ತಿದ್ದಿದ ಫೋಟೋ ಜೋಡಿ ಮೂಲ ಫೋಟೋನೂ ಕಳಿಸ್ರಿ."

ನನ್ನ ಲೆಕ್ಕ ಇಷ್ಟ: ಎಂಟ ಹದಿನೈದ ದಿನದಾಗ ತಾನ ಹೋಗೂದನ್ನ ತಗೀಬಹುದು. ಮಗಳ ಜೋಡಿ ಅತ್ತಿ ಮನಿಗೆ ಹೋಗೂದನ್ನ ಮುಟ್ಟಬಾರದು. ಮೊಡವಿ ಇಲ್ಲೇ ಉಳೀತೈತಿ, ಮಚ್ಚಿ ಆಕಿ ಜೋಡಿ ಹೋಗತೈತಿ. ಹುಬ್ಬಿನ ಗುರ್ತು ನಾಕ ವರ್ಷದಾಕಿ ಇದ್ದಾಗ ಪಾವಟಗಿ ಮ್ಯಾಲಿಂದ ಬಿದ್ದದ್ದು. "ಅದ ಇರಲಿ" ಅಂತ ಮಗಳ ಹೇಳಿದ್ಳು.

ಮಲ್ಲಿಗಿ ಮಾತ ಯಾಕಂದ್ರ, ಹಳದಿ ದೀಪದಾಗ ತಗದ ಫೋಟೋಕ್ಕ ಸೀರಿ, ಗ್ವಾಡಿ, ಮುಖ ಎಲ್ಲಾ ಹಳದಿ ಬಡೀತೈತಿ. ಅದನ್ನ ತಗದ್ರ ಸುಳ್ಳಾಗೂದಿಲ್ಲ. ಆದ್ರ ಎಲ್ಲಿತನಕ ತಗೀಬೇಕು? ಫೋಟೋದಾಗ ಖರೇನ ಬೆಳ್ಳಗಿದ್ದ ವಸ್ತು ಬೆಳ್ಳಗ ಕಾಣೂತನಕ. ಮಲ್ಲಿಗಿ ಬೆಳ್ಳಗಾದ ಮ್ಯಾಲೂ ಮುಖ ಗೋಧಿ ಬಣ್ಣ ಉಳೀತಂದ್ರ, ಅದ ಆಕಿ ಬಣ್ಣ. ಅಲ್ಲಿಂದ ಮುಂದ ಹ್ವಾದ್ರ ಸುಣ್ಣ ಬಳದಂಗ.

ತಿದ್ದಿದ ಫೋಟೋ ಬಂದ ಮ್ಯಾಲ ದೊಡ್ಡದ ಮಾಡಿ ನೋಡ್ರಿ. ಮುಖ ಒಂದ ಬಣ್ಣ, ಕುತ್ತಗಿ ಮತ್ತ ಕೈ ಒಂದ ಬಣ್ಣ ಇದ್ರ ಬೆಳ್ಳಗ ಮಾಡ್ಯಾರಂತ ತಿಳೀರಿ. ಗಲ್ಲದ ಮ್ಯಾಲ ಸಣ್ಣ ರಂಧ್ರ ಒಂದೂ ಕಾಣಲಿಲ್ಲಂದ್ರ ಹೆಚ್ಚಿಗಿ ತಿಕ್ಯಾರ. ಸೊಂಟದ ಬಾಜೂಕಿನ ಬಾಗಲಾ ಚೌಕಟ್ಟ ಒಳಗ ಬಗ್ಗಿದ್ರ ಸೊಂಟ ಒತ್ತ್ಯಾರ. ನಮ್ಮ ಹಳೇ ಫೋಟೋದಾಗ ಮೂರೂ ಇದ್ವು, ನನಗ ನೋಡಾಕ ಗೊತ್ತಿರಲಿಲ್ಲ.

ಫೋಟೋದಾಂವನ ತಪ್ಪ ಅಂತೀರೇನು? ಆ ಹುಡುಗ ನನಗ, "ಕಾಕು, ಬಂದವರೆಲ್ಲಾ ಬೆಳ್ಳಗ ಮಾಡ ಅಂತಾರ್ರಿ, ಅದಕ್ಕ ಕೇಳದನ ಮಾಡ್ತೀನ್ರಿ" ಅಂದ. ಖರೇನ. 2020ರಾಗ ಶಾದಿ ಡಾಟ್ ಕಾಮ್‌ನವರು, ಅಮೆರಿಕಾದಾಗಿನ ನಮ್ಮ ದೇಶದ ಹೆಣ್ಮಕ್ಕಳು ತಕರಾರ ಎತ್ತಿದ ಮ್ಯಾಲ, ಮೈಬಣ್ಣ ಆರಿಸೂ ಗುಂಡಿ ತಗದ್ರು. ಅವರು ತಗದದ್ದನ್ನ ನಾವು ಅವ್ವಂದಿರು ಸ್ಟುಡಿಯೋದಾಗ ನಿಂತ ಮತ್ತ ಹಚ್ಚಾಕತ್ತೀವಿ.

ಹೊಸಾ ಫೋಟೋಕ್ಕ ಬರೂ ಸ್ಥಳ ಕಡಿಮಿ ಆಗ್ಯಾವು, ಮುಚ್ಚಿಡೂದಿಲ್ಲ. ನಮ್ಮ ಮನಿಯವರು ಒಮ್ಮೊಮ್ಮೆ, "ಹಳೇದ ಕಳಸಬೇಕಿತ್ತ ನೋಡ" ಅಂತಾರ. ನಾ ಅದನ್ನ ಮೊಬೈಲ್‌ದಾಗಿಂದ ತಗದ ಒಗದೀನಿ. ಈಗ ಬಂದವರು ಮಗಳ ಮಾರಿ ನೋಡಿ ಮಾತಾಡ್ತಾರ, ಮೊಬೈಲ್ ತಗದ ತಾಳಿ ನೋಡೂದಿಲ್ಲ. ಮಗಳೂ ಚಹಾ ತರುವಾಗ ತಲಿ ಎತ್ತಿ ಬರ್ತಾಳ.