ಬಂದ ಮೂಲಗಳೆಲ್ಲ ಸಲ್ಲುವುದಿಲ್ಲ

ಬೋಧನಾಭ್ಯಾಸದ ಮೂರನೇ ವಾರ. ಹತ್ತನೇ ತರಗತಿಗೆ ವರ್ಗಸಮೀಕರಣಗಳನ್ನು ಅಪವರ್ತನ ವಿಧಾನದಿಂದ ಬಿಡಿಸುವುದನ್ನು ಮುಗಿಸಿದ್ದೆ. ವರ್ಗಸಮೀಕರಣಕ್ಕೆ ತಂದುಕೊಳ್ಳಬಹುದಾದ ಒಂದು ಲೆಕ್ಕ ಇರಲಿ ಎಂದು, ವರ್ಗಮೂಲ ಚಿಹ್ನೆಯಿರುವ ಈ ಸಮೀಕರಣವನ್ನು ಹಲಗೆಯ ಮೇಲೆ ಬರೆದೆ.

√(x + 7) + 5 = x

ಮಕ್ಕಳೇ ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ.

√(x + 7) = x − 5
x + 7 = x² − 10x + 25
x² − 11x + 18 = 0
(x − 9)(x − 2) = 0
x = 9 ಅಥವಾ x = 2

ನಂತರ ತಾಳೆ ನೋಡಿದೆವು. x = 9 ಆದಾಗ ಎಡಭಾಗ √16 + 5 = 9, ಸರಿಹೋಯಿತು. x = 2 ಆದಾಗ ಎಡಭಾಗ √9 + 5 = 8, ಬಲಭಾಗ 2. "ಆದ್ದರಿಂದ 2 ಅನ್ನು ಬಿಡಬೇಕು" ಎಂದೆ. ಎರಡನೇ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಮಿಸ್, 9ರ ವರ್ಗಮೂಲ −3 ಕೂಡ ಅಲ್ವಾ? −3 ತಗೊಂಡ್ರೆ −3 + 5 = 2 ಬರುತ್ತೆ. ತಾಳೆ ಆಯ್ತಲ್ಲ?"

"ಇಲ್ಲಿ ಹಾಗೆ ತಗೋಬಾರದು" ಎಂದಷ್ಟೇ ಹೇಳಿದೆ. ಗಂಟೆ ಬಾರಿಸಿತು. ಪಾಠ ವೀಕ್ಷಿಸುತ್ತಿದ್ದ ಸಹಪಾಠಿ ತನ್ನ ಟಿಪ್ಪಣಿಯಲ್ಲಿ "ಪ್ರಶ್ನೆಗೆ ಉತ್ತರ ಸಿಗಲಿಲ್ಲ" ಎಂದು ಬರೆದಿದ್ದಳು. ಅವಳು ಬರೆದದ್ದು ಸರಿಯಾಗಿತ್ತು. ಆ ರಾತ್ರಿ ಮರುದಿನದ ಪಾಠಯೋಜನೆಯನ್ನು ಹರಿದು ಹೊಸದಾಗಿ ಬರೆಯುವಾಗ ಹೊಳೆದದ್ದೇ ಈ ಲೇಖನ.

ಮೊದಲು ಅವಳ ಪ್ರಶ್ನೆ. x² = 9 ಎಂಬ ಸಮೀಕರಣಕ್ಕೆ 3 ಮತ್ತು −3 ಎಂಬ ಎರಡು ಮೂಲಗಳಿವೆ. ಆದರೆ √9 ಎಂಬುದು ಒಂದೇ ಸಂಖ್ಯೆ, ಅದು 3. √ ಚಿಹ್ನೆ ಋಣವಲ್ಲದ ವರ್ಗಮೂಲವನ್ನು ಮಾತ್ರ ಸೂಚಿಸುತ್ತದೆ. ಇದನ್ನು ಬರೀ ಕಟ್ಟಳೆಯೆಂದು ಹೇಳಿ ಮುಗಿಸಬೇಕಿಲ್ಲ, ಆಧಾರ ಮಕ್ಕಳ ಪುಸ್ತಕದಲ್ಲೇ ಇದೆ. ವರ್ಗಸಮೀಕರಣದ ಸೂತ್ರದಲ್ಲಿ √(b² − 4ac) ಹಿಂದೆ ± ಹಾಕುತ್ತೇವೆ. √ ಚಿಹ್ನೆಯೊಳಗೇ ಎರಡೂ ಬೆಲೆಗಳಿದ್ದಿದ್ದರೆ ಆ ± ಬೇಕೇ ಆಗುತ್ತಿರಲಿಲ್ಲ. ಮರುದಿನ ಇದನ್ನು ತೋರಿಸಿದಾಗ ಆ ಹುಡುಗಿ ತಲೆಯಾಡಿಸಿದಳು. ಆದರೆ ಕೂಡಲೇ ಇನ್ನೊಂದು ಪ್ರಶ್ನೆ ಕೇಳಿದಳು: "ಹಾಗಾದ್ರೆ 2 ಎಲ್ಲಿಂದ ಬಂತು ಮಿಸ್? ನಾವು ಎಲ್ಲೂ ತಪ್ಪು ಮಾಡಿಲ್ಲವಲ್ಲ."

ನಾವು ಕಲಿಸಬೇಕಾದ ಮುಖ್ಯ ಸಂಗತಿ ಇದೇ. √(x + 7) = x − 5 ಎಂಬ ಸಾಲಿಗೆ ಹಿಂತಿರುಗೋಣ. x = 9 ಆದಾಗ ಎರಡೂ ಬದಿಯಲ್ಲಿ 4. x = 2 ಆದಾಗ ಎಡಕ್ಕೆ 3, ಬಲಕ್ಕೆ −3. ಇವು ಸಮವಲ್ಲ. ಆದರೆ ವರ್ಗ ಮಾಡಿದೊಡನೆ ಎರಡೂ 9 ಆಗುತ್ತವೆ. ಸಮವಾದ ಸಂಖ್ಯೆಗಳ ವರ್ಗಗಳು ಸಮ. ಆದರೆ ವರ್ಗಗಳು ಸಮವಾದ ಮಾತ್ರಕ್ಕೆ ಸಂಖ್ಯೆಗಳು ಸಮವಾಗಬೇಕಿಲ್ಲ. ವರ್ಗ ಮಾಡಿದಾಗ ಋಣ ಚಿಹ್ನೆ ಅಳಿಸಿಹೋಗಿ, −√(x + 7) = x − 5 ಎಂಬ ಇನ್ನೊಂದು ಸಮೀಕರಣದ ಮೂಲವೂ ನಮ್ಮ ಲೆಕ್ಕದೊಳಗೆ ಸೇರಿಕೊಂಡಿತು. 2 ಅದರ ಮೂಲ. ಹುಡುಗಿ −3 ತೆಗೆದುಕೊಂಡಾಗ ಬಿಡಿಸಿದ್ದೂ ಆ ಸಮೀಕರಣವನ್ನೇ. ಇಂಥದ್ದನ್ನು ಇಂಗ್ಲಿಷ್ ಪುಸ್ತಕಗಳು ಎಕ್ಸ್‌ಟ್ರೇನಿಯಸ್ ರೂಟ್ ಎನ್ನುತ್ತವೆ. ತರಗತಿಯಲ್ಲಿ ನಾನು 'ಸಲ್ಲದ ಮೂಲ' ಎಂದೆ.

ನನ್ನ ಅಭಿಪ್ರಾಯದಲ್ಲಿ ತೊಡಕು ಹುಟ್ಟುವುದು ತಾಳೆ ನೋಡುವುದನ್ನು ನಾವು ಮೊದಲು ಕಲಿಸಿದ ರೀತಿಯಲ್ಲಿ. 3x + 4 = 19 ರಂಥ ರೇಖಾತ್ಮಕ ಸಮೀಕರಣದಲ್ಲಿ ಪ್ರತಿ ಹೆಜ್ಜೆಯನ್ನೂ ಹಿಂದಕ್ಕೆ ಇಡಬಹುದು. 4 ಕಳೆದದ್ದನ್ನು ಕೂಡಿಸಬಹುದು, 3ರಿಂದ ಭಾಗಿಸಿದ್ದನ್ನು ಗುಣಿಸಬಹುದು. ಅಲ್ಲಿ ತಾಳೆ ಕೈತಪ್ಪನ್ನು ಮಾತ್ರ ಹಿಡಿಯುತ್ತದೆ. ಲೆಕ್ಕದಲ್ಲಿ ಜಾಣನಾದ ಹುಡುಗ 'ನಾನು ತಪ್ಪು ಮಾಡಿಲ್ಲ, ತಾಳೆ ಬೇಡ' ಎಂದುಕೊಂಡರೆ ಅಲ್ಲಿ ನಡೆಯುತ್ತದೆ. ವರ್ಗ ಮಾಡಿದ ಸಮೀಕರಣದಲ್ಲಿ ನಡೆಯುವುದಿಲ್ಲ. ಒಂದು ಸಾಲೂ ತಪ್ಪದೆ ಬಿಡಿಸಿದರೂ ಸಲ್ಲದ ಮೂಲ ಬರಬಹುದು. ಹಾಗಾಗಿ ಇಲ್ಲಿ ತಾಳೆ ಬಿಡಿಸುವಿಕೆಯ ಒಂದು ಹೆಜ್ಜೆಯೇ ಆಗಬೇಕು.

ಯಾವ ಸಮೀಕರಣದಲ್ಲಿ ಆದೇಶಿಸಬೇಕು ಎಂಬುದನ್ನೂ ಹೇಳಿಕೊಡಬೇಕು. ಪುಸ್ತಕ ತಿದ್ದುವಾಗ ನೋಡಿದೆ, ಕೆಲವರು 2 ಅನ್ನು x² − 11x + 18 ರಲ್ಲಿ ಆದೇಶಿಸಿ, 4 − 22 + 18 = 0 ಎಂದು ಬರೆದು, 'ತಾಳೆಯಾಯಿತು' ಎಂದು ಅಡಿಗೆರೆ ಎಳೆದಿದ್ದರು. ವರ್ಗ ಮಾಡಿದ ನಂತರದ ಯಾವ ಸಾಲಿನಲ್ಲಿ ನೋಡಿದರೂ 2 ಸರಿಹೋಗುತ್ತದೆ. ಅದನ್ನು ಹಿಡಿಯಬಲ್ಲದ್ದು ಲೆಕ್ಕದಲ್ಲಿ ಕೊಟ್ಟ ಮೊದಲ ಸಮೀಕರಣ, ಅಥವಾ ವರ್ಗ ಮಾಡುವ ಮುಂಚಿನ ಸಾಲು.

ಇನ್ನೊಬ್ಬ ಹುಡುಗನ ಪುಸ್ತಕ ಬೇರೆಯೇ ಪಾಠ ಕಲಿಸಿತು. ಅವನು −10x ಮತ್ತು −x ಸೇರಿಸುವಾಗ −9x ಎಂದು ಬರೆದಿದ್ದ. x² − 9x + 18 = 0 ಬಂದು, ಮೂಲಗಳು 3 ಮತ್ತು 6 ಆದವು. ಎರಡೂ ತಾಳೆಯಾಗಲಿಲ್ಲ. ನಾನು ಹಿಂದಿನ ದಿನ 'ತಾಳೆಯಾಗದಿದ್ದರೆ ಬಿಡಿ' ಎಂದಿದ್ದೆನಲ್ಲ, ಅವನು ಎರಡನ್ನೂ ಬಿಟ್ಟು 'ಪರಿಹಾರವಿಲ್ಲ' ಎಂದು ಬರೆದಿದ್ದ. ತಪ್ಪು ಅವನದಾದರೂ ದಾರಿ ತೋರಿಸಿದ್ದು ನಾನು.

ಕೈತಪ್ಪನ್ನೂ ಸಲ್ಲದ ಮೂಲವನ್ನೂ ಬೇರೆ ಮಾಡಲು ಸುಲಭ ಉಪಾಯವಿದೆ. ವರ್ಗ ಮಾಡುವ ಮುಂಚಿನ ಸಾಲಿನಲ್ಲಿ ಆದೇಶಿಸಿ ಎರಡೂ ಬದಿಗಳನ್ನು ನೋಡಬೇಕು. x = 2 ಆದಾಗ 3 ಮತ್ತು −3 ಬಂದವು. ಸಂಖ್ಯೆ ಒಂದೇ, ಚಿಹ್ನೆ ಮಾತ್ರ ವಿರುದ್ಧ, ಆದ್ದರಿಂದ ಇದು ಸಲ್ಲದ ಮೂಲ. x = 6 ಆದಾಗ √13 ಮತ್ತು 1, x = 3 ಆದಾಗ √10 ಮತ್ತು −2. ಇಲ್ಲಿ ಸಂಖ್ಯೆಗಳೇ ಬೇರೆ. ವರ್ಗ ಮಾಡಿದರೂ ಇವು ಸಮವಾಗುವುದಿಲ್ಲ, ಅಂದರೆ ಲೆಕ್ಕದಲ್ಲಿ ಎಲ್ಲೋ ತಪ್ಪಿದೆ, ಹಿಂದೆ ಹೋಗಿ ಹುಡುಕಬೇಕು. ಆ ಹುಡುಗ ಈ ಉಪಾಯದಿಂದ ತನ್ನ −9x ಅನ್ನು ತಾನೇ ಹುಡುಕಿಕೊಂಡ.

ಇನ್ನೊಂದು ಎಚ್ಚರಿಕೆ. ಭಾಸ್ಕರಾಚಾರ್ಯರು 1150ರಲ್ಲಿ ರಚಿಸಿದ 'ಲೀಲಾವತಿ'ಯಲ್ಲಿ ಹಂಸಗಳ ಲೆಕ್ಕವೊಂದಿದೆ. ಹಿಂಡಿನ ವರ್ಗಮೂಲದ 7/2 ರಷ್ಟು ಹಂಸಗಳು ದಡದಲ್ಲಿವೆ, ಉಳಿದ ಎರಡು ನೀರಿನಲ್ಲಿವೆ. ಇಂದಿನ ರೀತಿಯಲ್ಲಿ ಬರೆದರೆ (7/2)√x + 2 = x. ವರ್ಗ ಮಾಡಿ ಬಿಡಿಸಿದರೆ 16 ಮತ್ತು 1/4 ಬರುತ್ತವೆ. 'ಕಾಲು ಹಂಸ ಇರುತ್ತಾ ಮಿಸ್?' ಎಂದು ನಗುತ್ತಾ ಮಕ್ಕಳು 1/4 ಅನ್ನು ಬಿಟ್ಟರು. ಉತ್ತರ ಸರಿ, ಕಾರಣ ಸಾಲದು. ಹಂಸದ ಬದಲು ಲೀಟರ್ ಹಾಲು ಎಂದಿದ್ದರೆ 1/4 ಉಳಿದುಬಿಡುತ್ತಿತ್ತು. ಆದೇಶಿಸಿ ನೋಡಿದರೆ ಎಡಭಾಗ 7/4 + 2, ಅಂದರೆ 15/4, ಬಲಭಾಗ 1/4. ಕಥೆಗಿಂತ ಮೊದಲು ಸಮೀಕರಣವೇ ಅದನ್ನು ಹೊರಗಿಡುತ್ತದೆ.

ತಾಳೆಗೂ ಒಂದು ಮಿತಿಯಿದೆ. ಅದು ಹೆಚ್ಚಾಗಿ ಬಂದದ್ದನ್ನು ತೆಗೆಯುತ್ತದೆ, ಕಳೆದುಹೋದದ್ದನ್ನು ತಂದುಕೊಡುವುದಿಲ್ಲ. x² = 5x ರಲ್ಲಿ ಎರಡೂ ಬದಿಯನ್ನು x ನಿಂದ ಭಾಗಿಸಿದವನಿಗೆ 5 ಮಾತ್ರ ಸಿಗುತ್ತದೆ, ಅದು ತಾಳೆಯೂ ಆಗುತ್ತದೆ. ಕಳೆದುಹೋದ 0 ಅವನಿಗೆ ಕಾಣುವುದೇ ಇಲ್ಲ.

ಸಹ ಪ್ರಶಿಕ್ಷಣಾರ್ಥಿಗಳಲ್ಲಿ ನನ್ನ ಕೋರಿಕೆ ಇಷ್ಟೇ. ಇಂಥ ಲೆಕ್ಕದ ಪಾಠಯೋಜನೆಯಲ್ಲಿ, ವರ್ಗ ಮಾಡುವ ಸಾಲಿನ ಪಕ್ಕದಲ್ಲೇ 'ಇಲ್ಲಿಂದ ಹಿಂದಕ್ಕೆ ಬರಲಾಗದು, ತಾಳೆ ನೋಡಲೇಬೇಕು' ಎಂದು ಬರೆದುಕೊಳ್ಳಿ, ಹಲಗೆಯ ಮೇಲೂ ಬರೆಯಿರಿ. ಬೋಧಕರಲ್ಲೂ ಒಂದು ವಿನಂತಿ: ಘಟಕ ಪರೀಕ್ಷೆಯ ಅಂಕ ಹಂಚಿಕೆಯಲ್ಲಿ ಆ ಹೆಜ್ಜೆಗೊಂದು ಅಂಕ ಇಡಿಸಿ. ಅಂಕವಿಲ್ಲದ ಹೆಜ್ಜೆಯನ್ನು ಮಕ್ಕಳು ಬರೆಯುವುದಿಲ್ಲ. ನಾನೂ ಬರೆಯುತ್ತಿರಲಿಲ್ಲ.