ಅಗ್ಗದ ದರ, ದುಬಾರಿ ದಾಸ್ತಾನು

ಸರಬರಾಜುದಾರರು ನೀಡುವ ಅತಿ ಹೆಚ್ಚಿನ ರಿಯಾಯಿತಿಯೇ ಅತಿ ಲಾಭದಾಯಕವೆಂಬ ನಂಬಿಕೆ ಅನೇಕ ಸಣ್ಣ ಉದ್ದಿಮೆಗಳಲ್ಲಿದೆ. ಲೆಕ್ಕ ಬೇರೆಯದನ್ನೇ ಹೇಳುತ್ತದೆ.

ಪಂಪ್ ತಯಾರಿಕಾ ಘಟಕವೊಂದಕ್ಕೆ ವರ್ಷಕ್ಕೆ 3,600 ಬೇರಿಂಗ್‌ಗಳು ಬೇಕೆಂದು ಭಾವಿಸಬಹುದು. ಪ್ರತಿ ಆದೇಶದ ಖರ್ಚು 500 ರೂ.; ದಾಸ್ತಾನು ವೆಚ್ಚ ಸರಕಿನ ಮೌಲ್ಯದ ಶೇ. 20. ದರ 200 ರೂ. ಇರುವಾಗ ಮಿತವ್ಯಯದ ಆದೇಶ ಪ್ರಮಾಣ 300. ಖರೀದಿ, ಆದೇಶ ಮತ್ತು ದಾಸ್ತಾನು ಸೇರಿ ವಾರ್ಷಿಕ ಒಟ್ಟು ವೆಚ್ಚ 7,32,000 ರೂ.

ಒಮ್ಮೆಗೆ 600 ಕೊಂಡರೆ ದರ 196ಕ್ಕೆ ಇಳಿದು ಒಟ್ಟು ವೆಚ್ಚ 7,20,360 ರೂ. ಆಗುತ್ತದೆ. 1,800 ಕೊಂಡರೆ ದರ 194. ಆದರೆ ಒಟ್ಟು ವೆಚ್ಚ 7,34,320 ರೂ., ಅಂದರೆ ರಿಯಾಯಿತಿಯೇ ಇಲ್ಲದ ಖರೀದಿಗಿಂತಲೂ ಅಧಿಕ! 600ರ ಆದೇಶಕ್ಕೆ ಹೋಲಿಸಿದರೆ ಖರೀದಿ ಮತ್ತು ಆದೇಶಗಳಲ್ಲಿ 9,200 ರೂ. ಉಳಿದರೂ, ಉಗ್ರಾಣದಲ್ಲಿ ಸರಾಸರಿ 900 ಬೇರಿಂಗ್‌ಗಳು ಕುಳಿತು ದಾಸ್ತಾನು ವೆಚ್ಚ 11,760ರಿಂದ 34,920 ರೂಪಾಯಿಗೆ ಏರುತ್ತದೆ.

ದಾಸ್ತಾನು ವೆಚ್ಚ ಸುಮಾರು ಶೇ. 8ಕ್ಕಿಂತ ಕಡಿಮೆಯಿದ್ದರೆ ಮಾತ್ರ 1,800ರ ಆದೇಶ ಗೆಲ್ಲುತ್ತದೆ. ಸ್ವಂತ ಬಂಡವಾಳಕ್ಕೆ ಬಡ್ಡಿ ಹಿಡಿಯದ ಉದ್ಯಮಿ ಎಡವುವುದು ಇಲ್ಲಿಯೇ. ಆದ್ದರಿಂದ ಪ್ರತಿ ದರಹಂತದ ಒಟ್ಟು ವೆಚ್ಚವನ್ನು ಬರೆದು ಹೋಲಿಸಿದ ಬಳಿಕವೇ ಆದೇಶಕ್ಕೆ ಸಹಿ ಹಾಕುವುದು ಲೇಸು.